ಓಟ ಶುರು ಮಾಡಿದ ಮೂರನೇ ವಾರದ ಕಾಲುನೋವು: ಶಿನ್ ಸ್ಪ್ಲಿಂಟೋ, ಎಲುಬಿನ ಬಿರುಕೋ?

ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಸುದ್ದಿ ಬಂತೆಂದರೆ ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲೂ ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲೂ ನಸುಕಿಗೇ ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ಪುರುಷ ಅಭ್ಯರ್ಥಿಗಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. 400 ಮೀಟರಿನ ನಾಲ್ಕು ಸುತ್ತು, ಸುತ್ತಿಗೆ ಸುಮಾರು 97 ಸೆಕೆಂಡು. ಅದುವರೆಗೆ ಹೊಲದ ಕೆಲಸ, ಬೈಕು, ಓದು ಎಂದುಕೊಂಡಿದ್ದ ಕಾಲು ಒಮ್ಮೆಗೇ ದಿನಾ ಓಡತೊಡಗುತ್ತದೆ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಕೆಲವರು ಮೈದಾನದ ಅಂಚಿನಲ್ಲಿ ಕೂತು ಮೊಣಕಾಲಿನ ಕೆಳಗಿನ ಎಲುಬನ್ನು ಒತ್ತಿಕೊಳ್ಳುತ್ತಿರುತ್ತಾರೆ. ಎನ್‌ಸಿಸಿ ಕ್ಯಾಂಪಿಗೆ ಹೋದವರದೂ ಇದೇ ಪಾಡು. ದಿನವಿಡೀ ಸಾವಧಾನ್, ವಿಶ್ರಾಮ್, ಕದಂತಾಲ್ ಎಂದು ಗಟ್ಟಿ ನೆಲಕ್ಕೆ ಹಿಮ್ಮಡಿ ಬಡಿಯುವುದೂ ಆ ಎಲುಬಿಗೆ ಓಟದಷ್ಟೇ ಏಟು.

ಈ ನೋವಿಗೆ ಸಾಮಾನ್ಯವಾಗಿ ಎರಡು ಕಾರಣ. ಒಂದು ಶಿನ್ ಸ್ಪ್ಲಿಂಟ್. ಎಲುಬಿನ ಒಳ ಅಂಚಿನುದ್ದಕ್ಕೂ ಅದರ ಮೇಲಿನ ತೆಳು ಹೊದಿಕೆ ಮತ್ತು ಮೇಲ್ಪದರ ಕೆರಳಿರುತ್ತವೆ. ಇನ್ನೊಂದು ಸ್ಟ್ರೆಸ್ ಫ್ರ್ಯಾಕ್ಚರ್. ಬಿದ್ದು ಮುರಿದದ್ದಲ್ಲ, ಒಂದೇ ಜಾಗಕ್ಕೆ ಸಾವಿರಾರು ಸಲ ಸಣ್ಣ ಏಟು ಬಿದ್ದು ಮೂಡಿದ ಕೂದಲೆಳೆಯಂಥ ಬಿರುಕು. ಮೊದಲನೆಯದು ಓಟ ಕಡಿಮೆ ಮಾಡಿದರೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಎರಡನೆಯದರ ಮೇಲೆ ಓಡಿದರೆ ಬಿರುಕು ಬೆಳೆದು ಎಲುಬು ಪೂರ್ತಿ ಮುರಿಯಲೂಬಹುದು. ಆದ್ದರಿಂದ ನೋವು ಬಂದ ದಿನವೇ ಯಾವುದು ಇರಬಹುದೆಂದು ನೋಡಿಕೊಳ್ಳಬೇಕು. ಅದಕ್ಕೆ ಬೇಕಾದ್ದು ಒಂದು ಬಾಲ್‌ಪೆನ್, ಒಂದು ಸ್ಕೇಲು ಮತ್ತು ಹತ್ತು ನಿಮಿಷ.

ಮೂರನೇ ವಾರವೇ ಯಾಕೆ?

ಎಲುಬು ಕಲ್ಲಿನಂತೆ ಸತ್ತ ವಸ್ತುವಲ್ಲ. ಹೊಸ ಭಾರ ಬಿದ್ದಾಗ ಅದು ತನ್ನನ್ನು ತಾನೇ ರಿಪೇರಿ ಮಾಡಿಕೊಂಡು ಗಟ್ಟಿಯಾಗುತ್ತದೆ. ತೊಡಕಿರುವುದು ಆ ರಿಪೇರಿಯ ಕ್ರಮದಲ್ಲಿ. ಹಳೆ ಗೋಡೆಗೆ ಹೊಸ ಗಾರೆ ಹಾಕುವ ಮೊದಲು ಸಡಿಲಾದದ್ದನ್ನು ಕೆತ್ತಿ ತೆಗೆಯುತ್ತೇವಲ್ಲ, ಹಾಗೆ ಎಲುಬೂ ಮೊದಲು ಸವೆದ ಭಾಗವನ್ನು ಕರಗಿಸುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ. ಕರಗಿಸುವ ಕೆಲಸ ಕೆಲವೇ ವಾರಗಳಲ್ಲಿ ಮುಗಿಯುತ್ತದೆ, ತುಂಬಿ ಗಟ್ಟಿಯಾಗಲು ಸುಮಾರು ಮೂರು ತಿಂಗಳು ಬೇಕು. ಹೀಗಾಗಿ ಹೊಸ ತರಬೇತಿಯ ಮೊದಲ ತಿಂಗಳಲ್ಲಿ ಎಲುಬಿನ ಆ ಭಾಗ ಮೊದಲಿಗಿಂತ ಟೊಳ್ಳಾಗಿರುತ್ತದೆ. ಅದೇ ಹೊತ್ತಿಗೆ ಉಸಿರು ಪಳಗಿರುತ್ತದೆ, ತೊಡೆಗೆ ಕಸುವು ಬಂದಿರುತ್ತದೆ, ಇನ್ನೂ ಎರಡು ಕಿಲೋಮೀಟರ್ ಓಡಬಲ್ಲೆ ಅನ್ನಿಸುತ್ತದೆ. ದಮ್ಮು ಕಟ್ಟಲು ವಾರಗಳು ಸಾಕು, ಎಲುಬು ಕಟ್ಟಲು ತಿಂಗಳುಗಳು ಬೇಕು. ನೋವು ಹುಟ್ಟುವುದು ಇವೆರಡರ ನಡುವಿನ ಅಂತರದಲ್ಲಿ.

ಲೆಕ್ಕ ಹಾಕಿ ನೋಡಿ. ಹೊಸಬರು ಒಂದು ಕಿಲೋಮೀಟರ್ ಓಡಿದರೆ ಸುಮಾರು 1000 ಹೆಜ್ಜೆ, ಅಂದರೆ ಒಂದೊಂದು ಕಾಲಿಗೆ 500 ಏಟು. ವಾರಕ್ಕೆ 30 ಕಿಲೋಮೀಟರಾದರೆ ಒಂದು ಕಾಲಿಗೆ 15,000. ಪ್ರತಿ ಏಟಿನಲ್ಲೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ನೆಲದಿಂದ ಕಾಲಿಗೆ ವಾಪಸು ಬರುತ್ತದೆ.

ಮೊದಲ ಹೆಜ್ಜೆ: ನೋವು ಯಾವಾಗ ಬರುತ್ತದೆಂದು ಬರೆದಿಡಿ

ಕಾಲು ಮುಟ್ಟುವ ಮೊದಲು ಕಳೆದ ಮೂರು ನಾಲ್ಕು ದಿನಗಳನ್ನು ನೆನಪಿಸಿಕೊಳ್ಳಿ. ಓಟದ ಮೊದಲ ಹತ್ತು ನಿಮಿಷ ನೋವಿತ್ತೇ, ಮೈ ಬಿಸಿಯಾದ ಮೇಲೆ ಮರೆಯಾಯಿತೇ, ಓಟ ಮುಗಿಸಿ ಕೂತಾಗ ಅಥವಾ ಮರುದಿನ ಬೆಳಿಗ್ಗೆ ಮತ್ತೆ ಹಿಡಿದುಕೊಂಡಿತೇ? ಇದು ಶಿನ್ ಸ್ಪ್ಲಿಂಟಿನ ನಡೆ. ಅದು ಹೆಚ್ಚಾಗಿ ಎರಡೂ ಕಾಲಿಗೆ ಬರುತ್ತದೆ, ಒಂದರಲ್ಲಿ ಸ್ವಲ್ಪ ಜಾಸ್ತಿ ಇರಬಹುದು.

ಬಿರುಕಿನ ನಡೆ ಇದಕ್ಕೆ ತಿರುಗುಮುರುಗು. ಓಡಿದಷ್ಟೂ ನೋವು ಏರುತ್ತದೆ, ಮೈ ಬಿಸಿಯಾದರೆ ಇಳಿಯುವುದಿಲ್ಲ. ಮೊದಲು ಮೂರನೇ ಕಿಲೋಮೀಟರಿಗೆ ಬರುತ್ತಿದ್ದದ್ದು ಕೆಲವೇ ದಿನಗಳಲ್ಲಿ ಎರಡನೆಯದಕ್ಕೆ, ಒಂದನೆಯದಕ್ಕೆ, ಕೊನೆಗೆ ಬಸ್‌ಸ್ಟ್ಯಾಂಡಿಗೆ ನಡೆಯುವಾಗಲೂ ಬರುತ್ತದೆ. ರಾತ್ರಿ ಮಲಗಿದಾಗ ಒಂದೇ ಜಾಗ ಮಿಡಿಯತೊಡಗಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಸುಮ್ಮನೆ ಮಲಗಿದ ಕಾಲು ಶಿನ್ ಸ್ಪ್ಲಿಂಟಿನಲ್ಲಿ ಸಾಮಾನ್ಯವಾಗಿ ಹಾಗೆ ನೋಯುವುದಿಲ್ಲ.

ಒಂದು ಎಚ್ಚರಿಕೆ. ಓಟಕ್ಕೆ ಮುಂಚೆ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಮಾತ್ರೆ ನುಂಗಿದ್ದರೆ, ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ ಈ ಲೆಕ್ಕವನ್ನೂ ಮುಂದಿನ ಪರೀಕ್ಷೆಗಳನ್ನೂ ನಂಬುವಂತಿಲ್ಲ. ಔಷಧದ ಪ್ರಭಾವ ಪೂರ್ತಿ ಇಳಿದ ಮರುದಿನ ನೋಡಿ. ನೋವು ಮರೆಸುವ ಮಾತ್ರೆ ನುಂಗಿ ಓಡುವುದರಿಂದಲೇ ಎಷ್ಟೋ ಕಾಲುಗಳು ಮೊದಲ ಸ್ಥಿತಿಯಿಂದ ಎರಡನೆಯದಕ್ಕೆ ಜಾರುತ್ತವೆ.

ಎರಡನೇ ಹೆಜ್ಜೆ: ಬೆರಳಿನಿಂದ ಒತ್ತಿ, ಪೆನ್ನಿನಿಂದ ಗುರುತು ಹಾಕಿ

ಎಲ್ಲಕ್ಕಿಂತ ಹೆಚ್ಚು ತಿಳಿಸಿಕೊಡುವುದು ಈ ಪರೀಕ್ಷೆ. ಅವಸರ ಮಾಡಬೇಡಿ.

ಬೆಳಿಗ್ಗೆ, ಓಡುವ ಮೊದಲು, ಮಂಚದ ಅಂಚಿನಲ್ಲಿ ಕೂತು ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಳ್ಳಿ. ಮೀನಖಂಡ ಸಡಿಲವಾಗಿರಲಿ. ಪಾದದ ಗಂಟಿನ ಒಳಬದಿಯಲ್ಲಿ ಉಬ್ಬಿದ ಎಲುಬಿದೆಯಲ್ಲ, ಅಲ್ಲಿಂದ ಮೇಲಕ್ಕೆ ಹೆಬ್ಬೆರಳು ಜಾರಿಸಿದರೆ ಚರ್ಮದಡಿಯೇ ನಯವಾದ, ಚಪ್ಪಟೆಯಾದ ಎಲುಬು ಸಿಗುತ್ತದೆ. ಅದೇ ಟಿಬಿಯಾ. ಆ ಚಪ್ಪಟೆ ಭಾಗ ಮುಗಿದು ಮೀನಖಂಡದ ಮಾಂಸ ಶುರುವಾಗುವ ಗೆರೆ ಅದರ ಒಳ ಅಂಚು. ಶಿನ್ ಸ್ಪ್ಲಿಂಟಿನ ನೋವು ಕೂರುವುದು ಈ ಅಂಚಿನಲ್ಲಿ, ಹೆಚ್ಚಾಗಿ ಕೆಳಗಿನ ಮತ್ತು ನಡುವಿನ ಭಾಗದಲ್ಲಿ.

ಪಾದದ ಗಂಟಿನ ಬಳಿಯಿಂದ ಶುರು ಮಾಡಿ ಒಂದೊಂದು ಬೆರಳಗಲಕ್ಕೆ ಒಮ್ಮೆ ಹೆಬ್ಬೆರಳಿನ ತುದಿಯಿಂದ ಒತ್ತುತ್ತಾ ಮೊಣಕಾಲಿನವರೆಗೆ ಹೋಗಿ. ಉಗುರಿನ ತುದಿ ಬೆಳ್ಳಗಾಗುವಷ್ಟು ಒತ್ತಡ, ಮೂರು ಸೆಕೆಂಡು, ಸಾಕು. ಓಡುವಾಗ ಬರುವ ನೋವೇ ಒತ್ತಿದಾಗಲೂ ಬಂದರೆ ಅಲ್ಲಿ ಪೆನ್ನಿನಿಂದ ಚುಕ್ಕಿ ಇಡಿ. ಬೇರೆ ಬಗೆಯ ಸಣ್ಣ ನೋವಿಗೆ ಚುಕ್ಕಿ ಬೇಡ. ಮೀನಖಂಡದ ಒಳಗೆ ಬೆರಳು ತೂರಿಸಿ ಒತ್ತಿದರೆ ಯಾರಿಗಾದರೂ ನೋಯುತ್ತದೆ, ಅದು ಲೆಕ್ಕಕ್ಕಿಲ್ಲ. ಆಮೇಲೆ ಎಲುಬಿನ ಮುಂದಿನ ಚೂಪು ಏಣನ್ನೂ ಮೇಲಿನಿಂದ ಕೆಳಗೆ ಹಾಗೆಯೇ ಒತ್ತಿ ನೋಡಿ. ಇನ್ನೊಂದು ಕಾಲಿಗೂ ಇಷ್ಟನ್ನೇ ಮಾಡಿ, ಹೋಲಿಸಲು ಬೇಕಾಗುತ್ತದೆ.

ಈಗ ಮೇಲಿನ ಚುಕ್ಕಿಯಿಂದ ಕೆಳಗಿನ ಚುಕ್ಕಿಯವರೆಗೆ ಸ್ಕೇಲು ಹಿಡಿದು ಅಳೆಯಿರಿ. ಚುಕ್ಕಿಗಳು ಸಾಲಾಗಿ 5 ಸೆಂಟಿಮೀಟರಿಗಿಂತ ಉದ್ದಕ್ಕೆ ಹರಡಿದ್ದರೆ ಶಿನ್ ಸ್ಪ್ಲಿಂಟ್ ಇರುವ ಸಾಧ್ಯತೆ ಹೆಚ್ಚು. 10, 12 ಸೆಂಟಿಮೀಟರ್ ಉದ್ದ ಸಿಗುವುದೂ ಉಂಟು. ನೋವೆಲ್ಲ ಒಂದೇ ಬೆರಳ ತುದಿಯಲ್ಲಿ ಮುಚ್ಚಬಹುದಾದ ಜಾಗದಲ್ಲಿದ್ದು, ಅಲ್ಲಿ ಮುಟ್ಟಿದ ಕೂಡಲೇ ಕಾಲು ಹಿಂದಕ್ಕೆ ಎಳೆದುಕೊಳ್ಳುವಂತಾದರೆ ಬಿರುಕೆಂದೇ ತಿಳಿದು ಓಟ ನಿಲ್ಲಿಸಿ. ಆ ಜಾಗದಲ್ಲಿ ಸಣ್ಣ ಊತ ಅಥವಾ ಎಲುಬಿನ ಮೇಲೆ ಗಂಟಿನಂತೆ ಕೈಗೆ ಸಿಕ್ಕರೆ ಸಂಶಯ ಇನ್ನೂ ಗಟ್ಟಿ.

ಎರಡೂ ಒಟ್ಟಿಗೆ ಸಿಗುವುದುಂಟು. ಉದ್ದಕ್ಕೂ ಸಾಧಾರಣ ನೋವು, ನಡುವೆ ಒಂದು ಜಾಗದಲ್ಲಿ ಮಾತ್ರ ತೀರಾ ಚುಚ್ಚು. ಒಂದು ಇನ್ನೊಂದಾಗಿ ಬದಲಾಗುವಾಗ ಹೀಗೇ ಕಾಣುತ್ತದೆ. ಅದನ್ನೂ ಬಿರುಕಿನ ಸಾಲಿಗೇ ಸೇರಿಸಿ.

ಮೂರನೇ ಹೆಜ್ಜೆ: ಒಂಟಿ ಕಾಲಿನ ಕುಪ್ಪಳಿಕೆ, ಎಲ್ಲರಿಗೂ ಅಲ್ಲ

ಒಂದೇ ಜಾಗದ ನೋವು, ರಾತ್ರಿ ನೋವು, ನಡೆದರೆ ನೋವು, ಇವುಗಳಲ್ಲಿ ಒಂದಿದ್ದರೂ ಈ ಪರೀಕ್ಷೆ ಮಾಡಬೇಡಿ. ಬಿರುಕಿರುವ ಎಲುಬಿನ ಮೇಲೆ ಕುಪ್ಪಳಿಸಿ ಹೊಸದಾಗಿ ತಿಳಿಯುವುದು ಏನೂ ಇಲ್ಲ. ಮೂರೂ ಇಲ್ಲದವರು ಮಣ್ಣಿನ ನೆಲದಲ್ಲಿ ಶೂ ಹಾಕಿಕೊಂಡು ಮೊದಲು ನೋವಿಲ್ಲದ ಕಾಲಲ್ಲಿ ಐದು ಸಲ, ಆಮೇಲೆ ನೋವಿರುವ ಕಾಲಲ್ಲಿ ಐದು ಸಲ ಮೆಲ್ಲಗೆ ಕುಪ್ಪಳಿಸಿ. ಉದ್ದಕ್ಕೂ ಸ್ವಲ್ಪ ಎಳೆದಂತಾದರೆ ಅದು ಶಿನ್ ಸ್ಪ್ಲಿಂಟಿಗೆ ಹೊಂದುತ್ತದೆ. ನೆಲಕ್ಕೆ ಇಳಿದಾಗಲೆಲ್ಲ ಒಂದೇ ಜಾಗದಲ್ಲಿ ಸೂಜಿ ಚುಚ್ಚಿದಂತಾದರೆ ಎರಡನೇ ಸಲಕ್ಕೇ ನಿಲ್ಲಿಸಿ. ಕುಪ್ಪಳಿಸಿದಾಗ ನೋವಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಬಿರುಕಿಲ್ಲ ಎಂದುಕೊಳ್ಳುವುದೂ ತಪ್ಪು. ಬೆರಳಿನ ಪರೀಕ್ಷೆಗೇ ಹೆಚ್ಚು ಬೆಲೆ ಕೊಡಿ.

ಮುಂದಿನ ಏಣಿನಲ್ಲಿ ನೋವಿದ್ದರೆ ಕಾಯಬೇಡಿ

ಬಿರುಕುಗಳಲ್ಲೂ ಎರಡು ಬಗೆ. ಹೆಚ್ಚಿನವು ಎಲುಬಿನ ಒಳ ಹಿಂಬದಿಯ ಅಂಚಿನಲ್ಲಿ ಆಗುತ್ತವೆ. ಓಡುವಾಗ ಆ ಬದಿ ಒತ್ತಿಕೊಳ್ಳುತ್ತದೆ, ಬಿರುಕಿನ ಎರಡು ತುಟಿಗಳು ಕೂಡಿಕೊಳ್ಳುತ್ತವೆ, ಹಾಗಾಗಿ ವಿಶ್ರಾಂತಿ ಕೊಟ್ಟರೆ ಚೆನ್ನಾಗಿ ಕೂಡುತ್ತವೆ. ಎಲುಬಿನ ಮುಂದಿನ ಏಣಿನ ನಡುಭಾಗದಲ್ಲಿ ಆಗುವುದು ಬೇರೆ. ಬಿದಿರ ಗಳವನ್ನು ಬಾಗಿಸಿದಾಗ ಉಬ್ಬಿದ ಬದಿಯಲ್ಲೇ ಸೀಳು ಬಿಡುವಂತೆ, ಕಾಲು ನೆಲಕ್ಕೆ ತಾಗಿದಾಗಲೆಲ್ಲ ಮುಂದಿನ ಬದಿ ಎಳೆದುಕೊಂಡು ಬಿರುಕು ಬಾಯಿ ಬಿಡುತ್ತದೆ. ಇದು ಬೇಗ ಕೂಡುವುದಿಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ, ಪೂರ್ತಿ ಮುರಿಯುವ ಅಪಾಯವೂ ಹೆಚ್ಚು, ಕೆಲವರಿಗೆ ಒಳಗೆ ರಾಡ್ ಹಾಕುವ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಉದ್ದ ಜಿಗಿತ, ಎತ್ತರ ಜಿಗಿತದ ಅಭ್ಯಾಸ ಜಾಸ್ತಿ ಮಾಡುವವರಲ್ಲಿ ಇದು ಕಾಣಿಸುತ್ತದೆ. ಮುಂದಿನ ಏಣಿನಲ್ಲಿ ಒಂದೇ ಜಾಗ ಒತ್ತಿದರೆ ನೋವು ಎಂದಾದರೆ ಅದೇ ವಾರ ಮೂಳೆ ತಜ್ಞರಿಗೆ ತೋರಿಸಿ. ಅಲ್ಲಿಯವರೆಗೆ ಓಟವೂ ಬೇಡ, ಜಿಗಿತವೂ ಬೇಡ.

ಎರಡಕ್ಕೂ ಸೇರದ ಕೆಲವು ನೋವುಗಳಿವೆ. ಓಡುವಾಗ ಕಾಲು ಗಾಳಿ ತುಂಬಿದ ಟ್ಯೂಬಿನಂತೆ ಬಿಗಿದು, ಪಾದ ಜೋಮು ಹಿಡಿದು, ನಿಂತು ಅರ್ಧ ಗಂಟೆಯೊಳಗೆ ಪೂರ್ತಿ ಸರಿಹೋದರೆ ಅದು ಮಾಂಸಖಂಡದ ಕವಚದೊಳಗೆ ಒತ್ತಡ ಏರುವ ತೊಂದರೆ. ಅದನ್ನೂ ವೈದ್ಯರಿಗೆ ತೋರಿಸಬೇಕು. ಆ ಬಿಗಿತ ನಿಂತ ಮೇಲೂ ಇಳಿಯದೆ ನೋವು ತಡೆಯಲಾರದಷ್ಟಾಗಿ ಬೆರಳು ಆಡಿಸಲು ಆಗದಿದ್ದರೆ ಗಂಟೆಗಳ ಲೆಕ್ಕದಲ್ಲಿ ಕಾಲಿಗೇ ಕುತ್ತು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ಅದಕ್ಕೂ ಅದೇ ದಿನ ಹೋಗಿ.

ಒಂದು ಕಾಲು, ಮೂವತ್ತು ದಿನ

ಇವೆಲ್ಲ ಹೇಗೆ ಕೂಡಿಕೊಳ್ಳುತ್ತವೆಂದು ಒಂದು ಉದಾಹರಣೆಯಲ್ಲಿ ನೋಡೋಣ. ಚಳ್ಳಕೆರೆ ಕಡೆಯ ಇಪ್ಪತ್ತೆರಡರ ಹುಡುಗ ಚಿತ್ರದುರ್ಗದಲ್ಲಿ ರೂಮು ಮಾಡಿಕೊಂಡು ತಯಾರಿ ಶುರು ಮಾಡಿದ್ದಾನೆ ಎಂದುಕೊಳ್ಳಿ. ಮೊದಲ ವಾರ ದಿನಕ್ಕೆ 3 ಕಿಲೋಮೀಟರ್, ಆರು ದಿನ, ಒಟ್ಟು 18. ಎರಡನೇ ವಾರ 24. ಮೂರನೇ ವಾರ 30, ಜೊತೆಗೆ ಎರಡು ದಿನ ಜೋಗಿಮಟ್ಟಿ ರಸ್ತೆಯ ಏರು ಹತ್ತಿ ಇಳಿದದ್ದು, ಸಂಜೆ ಉದ್ದ ಜಿಗಿತ. ಕಾಲಲ್ಲಿ ತಳ ಸವೆದ ಕ್ಯಾನ್ವಾಸ್ ಶೂ. ಎರಡೇ ವಾರದಲ್ಲಿ ಓಟ ಮೂರರಲ್ಲಿ ಎರಡು ಪಾಲಿನಷ್ಟು ಏರಿದೆ, ಇಳಿಜಾರಿನ ಏಟು ಬೇರೆ. ಏರು ಹತ್ತುವುದು ದಮ್ಮಿಗೆ ಕಷ್ಟ, ಇಳಿಯುವುದು ಎಲುಬಿಗೆ ಕಷ್ಟ.

ಹದಿನೆಂಟನೇ ದಿನ ಎರಡೂ ಕಾಲಿನ ಒಳಬದಿ ಹಿಡಿದುಕೊಳ್ಳುತ್ತದೆ. ಮೊದಲ ಎರಡು ಸುತ್ತು ನೋವು, ಆಮೇಲೆ ಇಲ್ಲ, ಸಂಜೆ ಮತ್ತೆ ಉಂಟು. ಒತ್ತಿ ನೋಡಿದರೆ ಬಲಗಾಲಲ್ಲಿ 11 ಸೆಂಟಿಮೀಟರ್, ಎಡಗಾಲಲ್ಲಿ 8. ನಡೆದರೆ ನೋವಿಲ್ಲ. ಇದು ಶಿನ್ ಸ್ಪ್ಲಿಂಟ್. ಈ ದಿನ ಓಟ ನಿಲ್ಲಿಸಿದ್ದರೆ ಎರಡರಿಂದ ಆರು ವಾರಗಳಲ್ಲಿ ಮತ್ತೆ ಮೈದಾನಕ್ಕೆ ಇಳಿಯಬಹುದಿತ್ತು.

ಆದರೆ ಜೊತೆಗಾರರು "ಹೊಸದ್ರಲ್ಲಿ ಎಲ್ರಿಗೂ ಹಿಂಗೇ ಆಗುತ್ತಪ್ಪ, ಓಡ್ತಾ ಓಡ್ತಾ ಹೋಗುತ್ತೆ" ಅನ್ನುತ್ತಾರೆ. ಅವರಲ್ಲಿ ಕೆಲವರಿಗೆ ನಿಜವಾಗಿಯೂ ಹೋಗಿರುತ್ತದೆ, ಅದಕ್ಕೇ ಆ ಮಾತು ನಂಬಿಕೆ ಹುಟ್ಟಿಸುತ್ತದೆ. ಹುಡುಗ ಮಾತ್ರೆ ನುಂಗಿ ಇನ್ನೂ ಹತ್ತು ದಿನ ಓಡುತ್ತಾನೆ. ಇಪ್ಪತ್ತೆಂಟನೇ ದಿನ ಎಡಗಾಲು ಸುಮಾರಾಗಿ ಸರಿಯಾಗಿದೆ. ಬಲಗಾಲಲ್ಲಿ ನೋವು ಕೂಡಿ ಒಂದು ಕಡೆ ನಿಂತಿದೆ. ಪಾದದ ಗಂಟಿನಿಂದ 12 ಸೆಂಟಿಮೀಟರ್ ಮೇಲೆ, ಹೆಬ್ಬೆರಳಗಲದ ಜಾಗ. ರೂಮಿನ ಮೆಟ್ಟಿಲು ಇಳಿಯುವಾಗ ಚುಚ್ಚುತ್ತದೆ, ರಾತ್ರಿ ಮಿಡಿಯುತ್ತದೆ.

ಮೂವತ್ತನೇ ದಿನ ಎಕ್ಸ್-ರೇ ತೆಗೆಸುತ್ತಾನೆ. ಫಿಲ್ಮಿನಲ್ಲಿ ಏನೂ ಕಾಣುವುದಿಲ್ಲ. "ಎಲುಬಿಗೆ ಏನೂ ಆಗಿಲ್ಲ" ಎಂಬ ಮಾತು ಹಿಡಿದುಕೊಂಡು ಮರುದಿನವೇ ಮೈದಾನಕ್ಕೆ ಹೋಗಬೇಕೆನ್ನಿಸುತ್ತದೆ. ಅತಿ ದೊಡ್ಡ ತಪ್ಪು ನಡೆಯುವುದು ಇಲ್ಲಿಯೇ. ಈ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್-ರೇಯಲ್ಲಿ ಬಹುಪಾಲು ಕಾಣುವುದೇ ಇಲ್ಲ. ಎಕ್ಸ್-ರೇಯಲ್ಲಿ ಸಾಮಾನ್ಯವಾಗಿ ಕಾಣುವುದು ಬಿರುಕನ್ನು ಮುಚ್ಚಲು ಸುತ್ತ ಕಟ್ಟಿದ ಹೊಸ ಎಲುಬು. ಅದು ಕಟ್ಟಿಕೊಳ್ಳಲು ಸಮಯ ಬೇಕು. ಈ ಹುಡುಗನ ನೋವು ಒಂದೇ ಜಾಗಕ್ಕೆ ಕೂಡಿ ಇನ್ನೂ ಎರಡೇ ದಿನವಾಗಿದೆ, ಆದ್ದರಿಂದ ಶುಭ್ರ ಫಿಲ್ಮಿನಿಂದ ಏನೂ ಸಾಬೀತಾಗಲಿಲ್ಲ. ಅವನ ಮುಂದೆ ಸರಿಯಾದ ದಾರಿ ಎರಡು. ಎಂಆರ್‌ಐ ಮಾಡಿಸುವುದು, ಅದು ಬಿರುಕು ಮೂಡುವ ಮೊದಲಿನ ಎಲುಬಿನೊಳಗಿನ ಊತವನ್ನೂ ತೋರಿಸುತ್ತದೆ. ಅದರ ಖರ್ಚು ಹೊರಲು ಆಗದಿದ್ದರೆ ಬಿರುಕಿದೆ ಎಂದೇ ತಿಳಿದು ಓಟ ಪೂರ್ತಿ ನಿಲ್ಲಿಸಿ, ಎರಡು ಮೂರು ವಾರ ಬಿಟ್ಟು ಅದೇ ಜಾಗದ ಎಕ್ಸ್-ರೇ ಮತ್ತೆ ತೆಗೆಸುವುದು. ಎರಡನೇ ಫಿಲ್ಮಿನಲ್ಲಿ ಎಲುಬಿನ ಅಂಚು ದಪ್ಪವಾಗಿರುವುದೋ ತೆಳು ಗೆರೆಯೋ ಕಾಣಬಹುದು. ಅದರಲ್ಲೂ ಕಾಣದೆ ನೋವು ಹಾಗೇ ಉಳಿದಿದ್ದರೆ ಎಂಆರ್‌ಐ ಬೇಕೇ ಬೇಕು.

ಆಸ್ಪತ್ರೆಯಲ್ಲಿ ಹೇಳಬೇಕಾದ್ದು

"ಕಾಲು ನೋವು" ಎಂದಷ್ಟೇ ಹೇಳಿದರೆ ಮುಲಾಮು, ಮಾತ್ರೆ ಸಿಗುತ್ತದೆ. ಜಿಲ್ಲಾಸ್ಪತ್ರೆಯ ಮೂಳೆ ವಿಭಾಗದ ಹೊರರೋಗಿ ಸಾಲಿನಲ್ಲಿ ನಿಮಗೆ ಸಿಗುವುದು ಕೆಲವೇ ನಿಮಿಷ. ಚುಕ್ಕಿ ಅಳಿಸದೆ ಹೋಗಿ, ಒಂದೇ ಬೆರಳಿನಿಂದ ಜಾಗ ತೋರಿಸಿ, ಹೀಗೆ ಹೇಳಿ: "ಸರ್, ನಾಲ್ಕು ವಾರದಿಂದ ಹೊಸದಾಗಿ ಓಡ್ತಿದ್ದೀನಿ, ವಾರಕ್ಕೆ 18 ಇದ್ದದ್ದು 30 ಕಿಲೋಮೀಟರ್ ಆಗಿದೆ, ನೋವು ಈ ಒಂದೇ ಜಾಗದಲ್ಲಿ, ರಾತ್ರಿನೂ ಇರುತ್ತೆ, ಸ್ಟ್ರೆಸ್ ಫ್ರ್ಯಾಕ್ಚರ್ ಇರಬಹುದಾ?" ಈ ನಾಲ್ಕು ವಿಷಯ ಕೇಳಿದರೆ ವೈದ್ಯರ ಗಮನ ತಾನಾಗಿ ಎಲುಬಿನ ಕಡೆ ಹೋಗುತ್ತದೆ. ಮಾತ್ರೆ ನುಂಗಿ ಓಡಿದ್ದರೆ ಅದನ್ನೂ ಮುಚ್ಚಿಡಬೇಡಿ.

ನಾಟಿ ವೈದ್ಯರ ಬಳಿ ಎಣ್ಣೆ ಹಚ್ಚಿಸಿ ಗಟ್ಟಿಯಾಗಿ ತಿಕ್ಕಿಸುವುದು ನಮ್ಮ ಕಡೆ ರೂಢಿ. ಮೀನಖಂಡದ ಮಾಂಸಕ್ಕೆ ಮೆಲ್ಲಗೆ ಎಣ್ಣೆ ನೀವಿದರೆ ಹಿತ, ಅಡ್ಡಿಯಿಲ್ಲ. ಚುಚ್ಚುವ ಎಲುಬಿನ ಜಾಗವನ್ನೇ ಹೆಬ್ಬೆರಳಿನಿಂದ ತಿಕ್ಕಿಸಬೇಡಿ, ಬಿಗಿಯಾಗಿ ಪಟ್ಟಿ ಕಟ್ಟಿಸಿಕೊಂಡು ಓಡಲೂ ಬೇಡಿ.

ಶಿನ್ ಸ್ಪ್ಲಿಂಟ್ ಆದರೆ

ಓಟ ಮತ್ತು ಜಿಗಿತ ನಿಲ್ಲಿಸಿ, ಹಾಸಿಗೆ ಹಿಡಿಯಬೇಕಿಲ್ಲ. ಸೈಕಲ್ ತುಳಿಯಬಹುದು, ಈಜು ಬಂದರೆ ಈಜಬಹುದು. ಇವೆರಡರಲ್ಲೂ ದಮ್ಮು ಉಳಿಯುತ್ತದೆ, ಎಲುಬಿಗೆ ಏಟಿಲ್ಲ. ಮೊದಲ ಕೆಲವು ದಿನ ದಿನಕ್ಕೆ ಎರಡು ಮೂರು ಸಲ ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಟ್ಟರೆ ನೋವು ಶಮನವಾಗುತ್ತದೆ. ಅದರಿಂದ ಎಲುಬು ಬೇಗ ಗಟ್ಟಿಯಾಗುತ್ತದೆ ಎಂದಲ್ಲ.

ಮೀನಖಂಡಕ್ಕೆ ಬಲ ಕೊಡುವುದು ಈ ಹೊತ್ತಿನ ಮುಖ್ಯ ಕೆಲಸ. ಮೀನಖಂಡ ಸೋತಾಗ ಏಟು ನೇರ ಎಲುಬಿಗೆ ಹೋಗುತ್ತದೆ. ಗೋಡೆಗೆ ಕೈಯಾನಿಸಿ ನಿಂತು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ಒಂದು ಸೆಕೆಂಡು ನಿಲ್ಲಿ, ಮೂರು ಎಣಿಸುತ್ತಾ ನಿಧಾನ ಇಳಿಸಿ. ಮೊಣಕಾಲು ನೆಟ್ಟಗಿಟ್ಟು 12 ಸಲ, ಸ್ವಲ್ಪ ಬಗ್ಗಿಸಿ 12 ಸಲ, ಇಂಥ ಮೂರು ಸುತ್ತು, ದಿನ ಬಿಟ್ಟು ದಿನ. ಬಗ್ಗಿಸಿ ಮಾಡುವುದನ್ನು ಬಿಡಬೇಡಿ. ಎಲುಬಿಗೆ ಅಂಟಿಕೊಂಡಿರುವ ಒಳಗಿನ ಸ್ನಾಯುವಿಗೆ ಕೆಲಸ ಸಿಗುವುದು ಆಗಲೇ. ಎರಡು ಕಾಲಲ್ಲಿ ಸಲೀಸಾದ ಮೇಲೆ ಒಂಟಿ ಕಾಲಲ್ಲಿ ಮಾಡಿ.

30 ನಿಮಿಷ ಬಿರುಸಾಗಿ ನಡೆದರೂ ನೋವಿಲ್ಲ ಎಂಬ ಸ್ಥಿತಿ ಐದು ದಿನ ಸತತ ಉಳಿದ ಮೇಲೆ ಓಟಕ್ಕೆ ಮರಳಿ. ಮಣ್ಣಿನ ಮೈದಾನದಲ್ಲಿ 1 ನಿಮಿಷ ಮೆಲ್ಲಗೆ ಓಟ, 2 ನಿಮಿಷ ನಡಿಗೆ, ಇದು ಏಳು ಸಲ. ಮರುದಿನ ಓಟವಿಲ್ಲ. ಎರಡು ಸಲ ಸಲೀಸಾಗಿ ಮುಗಿದರೆ 2 ನಿಮಿಷ ಓಟ, 2 ನಿಮಿಷ ನಡಿಗೆ, ಐದು ಸಲ. ಆಮೇಲೆ 3 ಮತ್ತು 1, ಹಾಗೇ ಮುಂದುವರಿದು 20 ನಿಮಿಷ ಸತತ ಓಟ. ಅದಾದ ಮೇಲೆಯೇ ವೇಗ, ಎಲ್ಲಕ್ಕಿಂತ ಕೊನೆಗೆ ಇಳಿಜಾರು ಮತ್ತು ಜಿಗಿತ. ಹತ್ತರಲ್ಲಿ ಎರಡರಷ್ಟು ನೋವು ಬಂದು ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ ಅದೇ ಮಟ್ಟದಲ್ಲಿ ಉಳಿಯಿರಿ. ಬೆಳಿಗ್ಗೆಗೂ ಉಳಿದಿದ್ದರೆ ಹಿಂದಿನ ಮಟ್ಟಕ್ಕೆ ಹೋಗಿ. ವಾರಕ್ಕೊಮ್ಮೆ ಪೆನ್ನು ಹಿಡಿದು ಮತ್ತೆ ಅಳೆಯಿರಿ. 11 ಇದ್ದದ್ದು 6 ಸೆಂಟಿಮೀಟರಾಗಿ, ಒತ್ತಿದಾಗಿನ ನೋವೂ ಕಡಿಮೆಯಾಗಿದ್ದರೆ ಒಳ್ಳೆಯದು. ಉದ್ದ ಕುಗ್ಗಿ ನೋವು ಚೂಪಾಗಿದ್ದರೆ ಅದು ಗುಣವಲ್ಲ, ಬಿರುಕಿನ ಸೂಚನೆ.

ಓಡುವ ರೀತಿಯಲ್ಲಿ ಒಂದೇ ಬದಲಾವಣೆ ಮಾಡಿದರೆ ಸಾಕು. ಹೆಜ್ಜೆ ಚಿಕ್ಕದಾಗಿಸಿ. ಒಂದು ನಿಮಿಷದಲ್ಲಿ ಎಷ್ಟು ಹೆಜ್ಜೆ ಬೀಳುತ್ತವೆಂದು ಎಣಿಸಿ, 160 ಇದ್ದರೆ ಅದೇ ವೇಗದಲ್ಲಿ 170ರ ಹತ್ತಿರಕ್ಕೆ ತನ್ನಿ. ಪಾದ ದೇಹಕ್ಕಿಂತ ತುಂಬಾ ಮುಂದೆ ಬೀಳುವುದು ತಪ್ಪಿ ಏಟು ಹಗುರಾಗುತ್ತದೆ. ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ದಿನಾ ಒಂದೇ ಅಂಚಿನಲ್ಲಿ ಓಡುವವರ ಒಂದು ಕಾಲು ಇಳಿಜಾರಿನಲ್ಲೇ ಬೀಳುತ್ತಿರುತ್ತದೆ, ಮೈದಾನದಲ್ಲಿ ಒಂದೇ ದಿಕ್ಕಿಗೆ ಸುತ್ತುವವರಿಗೆ ತಿರುವಿನ ಭಾರವೆಲ್ಲ ಅದೇ ಕಾಲುಗಳಿಗೆ ಅದೇ ರೀತಿ ಬೀಳುತ್ತದೆ. ದಿನ ಬಿಟ್ಟು ದಿನ ದಿಕ್ಕು ಬದಲಿಸಿ.

ಬಿರುಕಾದರೆ

ಇಲ್ಲಿ ನೋವಿನ ಮಿತಿ ಸೊನ್ನೆ. ನಡೆಯುವಾಗ ನೋವಿದ್ದರೆ ವೈದ್ಯರು ಊರುಗೋಲು ಅಥವಾ ಕಾಲಿಗೆ ಬೂಟು ಕೊಡುತ್ತಾರೆ. ನಡಿಗೆ ನೋವಿಲ್ಲದಂತಾಗುವವರೆಗೆ ಅದು ಬೇಕು. ಒಳ ಅಂಚಿನ ಬಿರುಕಿಗೆ ಸಾಮಾನ್ಯವಾಗಿ 6ರಿಂದ 8 ವಾರ ಓಟವಿಲ್ಲ, ಹಳೆಯ ಓಟಕ್ಕೆ ಮರಳಲು 12 ವಾರ ಅಥವಾ ಇನ್ನೂ ಹೆಚ್ಚು. ಒತ್ತಿದರೆ ನೋವಿಲ್ಲ, ನಡೆದರೆ ನೋವಿಲ್ಲ, ವೈದ್ಯರು ಒಪ್ಪಿದ್ದಾರೆ, ಈ ಮೂರೂ ಆದ ಮೇಲೆ ಮೇಲಿನ ಓಟ-ನಡಿಗೆಯ ಕ್ರಮವನ್ನೇ ಇನ್ನೂ ನಿಧಾನವಾಗಿ ಹಿಡಿಯಿರಿ. ಅದೇ ಜಾಗ ಸ್ವಲ್ಪ ಚುಚ್ಚಿದರೂ ಆ ದಿನದ ಓಟ ಅಲ್ಲಿಗೇ ನಿಲ್ಲಬೇಕು. ನೋವಿಗೆ ಪ್ಯಾರಸಿಟಮಾಲ್ ಸಾಕಾಗುತ್ತದೆ. ಡೈಕ್ಲೋಫೆನಾಕ್‌ನಂಥವು ಎಲುಬು ಕೂಡುವುದನ್ನು ನಿಧಾನ ಮಾಡಬಹುದು, ಅವನ್ನು ವೈದ್ಯರನ್ನು ಕೇಳದೆ ನುಂಗಬೇಡಿ.

ಬಿರುಕು ಬಂದವರು ತಮ್ಮ ತಟ್ಟೆಯನ್ನೂ ನೋಡಿಕೊಳ್ಳಬೇಕು. ರೂಮಿನಲ್ಲಿ ಒಂದು ಹೊತ್ತು ಉಂಡು ಎರಡು ಹೊತ್ತು ಅಭ್ಯಾಸ ಮಾಡುವವರ ಎಲುಬಿಗೆ ಹೊಸದನ್ನು ತುಂಬಲು ಸಾಮಗ್ರಿಯೇ ಇರುವುದಿಲ್ಲ. ದೊಡ್ಡವರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಇದೆ. ದಿನಾ ಮುದ್ದೆ, ಎರಡು ಲೋಟ ಹಾಲು ಅಥವಾ ಮೊಸರು, ಸೊಪ್ಪು, ಹಿಡಿ ಶೇಂಗಾ, ಸಿಕ್ಕರೆ ಮೊಟ್ಟೆ, ಇಷ್ಟಾದರೆ ಗುರಿ ದೂರವಿಲ್ಲ. ನಸುಕಿನಲ್ಲಿ ಓಡಿ ಹಗಲೆಲ್ಲ ಲೈಬ್ರರಿಯಲ್ಲಿ ಕೂರುವವರಿಗೆ ಬಿಸಿಲು ತಾಗುವುದೇ ಇಲ್ಲ, ಅವರು ವಿಟಮಿನ್ ಡಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಅಭ್ಯಾಸ ಶುರುವಾದ ಮೇಲೆ ಮುಟ್ಟು ಮೂರು ತಿಂಗಳು ನಿಂತಿದ್ದರೆ ಅದು ದಣಿವಿನ ಸಣ್ಣ ಸಂಗತಿಯಲ್ಲ. ಊಟ ಸಾಲದೆ ಎಲುಬು ಸವೆಯುತ್ತಿರುವ ಲಕ್ಷಣ ಅದಾಗಿರಬಹುದು. ಕಾಲು ತೋರಿಸಲು ಹೋದಾಗ ಸಂಕೋಚಪಡದೆ ಇದನ್ನೂ ಹೇಳಿ.

ದೈಹಿಕ ಪರೀಕ್ಷೆಯ ದಿನ ಹತ್ತಿರವಿದ್ದರೆ

ಎಲ್ಲರೂ ಕೊನೆಗೆ ಕೇಳುವುದು ಇದನ್ನೇ. ಶಿನ್ ಸ್ಪ್ಲಿಂಟ್ ಆಗಿದ್ದು ಪರೀಕ್ಷೆಗೆ ಮೂರು ವಾರವಿದ್ದರೆ ದಾರಿಯಿದೆ. ಎರಡು ವಾರ ಓಟ ಬಿಟ್ಟು ವಾರಕ್ಕೆ ಮೂರು ದಿನ ಸೈಕಲ್ ಮೇಲೆ 90 ಸೆಕೆಂಡು ಜೋರು, 90 ಸೆಕೆಂಡು ನಿಧಾನ, ಇದನ್ನು ಎಂಟು ಸಲ ಮಾಡಿ. ಆ 90 ಸೆಕೆಂಡು ಮೈದಾನದ ಒಂದು ಸುತ್ತಿನ ಹೊತ್ತಿಗೆ ಹತ್ತಿರವಾದ್ದರಿಂದ ದಮ್ಮು ಹೆಚ್ಚು ಇಳಿಯುವುದಿಲ್ಲ. ಕೊನೆಯ ವಾರ ನೋವಿಲ್ಲದಿದ್ದರೆ ಎರಡು ದಿನ ಸಣ್ಣ ಓಟ, ಪರೀಕ್ಷೆಗೆ ಮುಂಚಿನ ಎರಡು ದಿನ ಪೂರ್ತಿ ವಿರಾಮ. ಬಿರುಕಿದ್ದರೆ, ಅಥವಾ ಬಿರುಕಿನ ಸಂಶಯ ತೀರದೆ ಉಳಿದಿದ್ದರೆ, ಆ 1600 ಮೀಟರ್ ಓಡಬೇಡಿ. ಇದನ್ನು ಬರೆಯುವಾಗಲೂ ಕಷ್ಟವಾಗುತ್ತದೆ, ವಯೋಮಿತಿಯ ಕೊನೆಯ ವರ್ಷದಲ್ಲಿರುವವರಿಗೆ ಇದು ಎಷ್ಟು ದೊಡ್ಡ ಮಾತೆಂದು ಗೊತ್ತು. ಆದರೆ ಮೂರನೇ ಸುತ್ತಿನಲ್ಲಿ ಎಲುಬು ಮುರಿದರೆ ಓಟ ಮುಗಿಯುವುದಿಲ್ಲ, ಒಳಗೆ ರಾಡ್ ಹಾಕಿದ ಕಾಲಿನಲ್ಲಿ ಮುಂದಿನ ನೇಮಕಾತಿಯ ವೈದ್ಯಕೀಯ ತಪಾಸಣೆಗೆ ನಿಲ್ಲಬೇಕಾಗುತ್ತದೆ. ಎಕ್ಸ್-ರೇ ಅಥವಾ ಎಂಆರ್‌ಐ ವರದಿ, ವೈದ್ಯರ ಪ್ರಮಾಣಪತ್ರ ಹಿಡಿದು ದಿನಾಂಕ ಮುಂದೂಡಲು ಅವಕಾಶವಿದೆಯೇ ಎಂದು ನೇಮಕಾತಿ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಪರೀಕ್ಷೆಯ ದಿನದ ಬೆಳಿಗ್ಗೆವರೆಗೆ ಕಾಯದೆ, ವರದಿ ಕೈಗೆ ಬಂದ ದಿನವೇ ಕೇಳಿ.